ವಿದ್ಯಾನಗರದ ಮೂರನೇ ಮಹಡಿಗೆ ಬಾಡಿಗೆ ಎಷ್ಟು?

ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಅಪ್ಪಾಜಿಯ ಫ್ಲಾಟ್ ಒಂದಿದೆ. ಎರಡು ಬೆಡ್‌ರೂಮ್, ಮೂರನೇ ಮಹಡಿ, ಅದೇ ಕೊನೆಯ ಮಹಡಿ, ಲಿಫ್ಟ್ ಇಲ್ಲ. ಕೆಳಗೆ ಒಂದು ಕಾರು ನಿಲ್ಲಿಸಲು ನೆರಳಿರುವ ಜಾಗ ಇದೆ, ಬೋರ್ ನೀರಿದೆ. ಮೊನ್ನೆ ಬಾಡಿಗೆದಾರರು ಖಾಲಿ ಮಾಡಿದಾಗ ಅಪ್ಪಾಜಿ ಒಂದೇ ಮಾತು ಹೇಳಿದರು: "ಹಿಂದಿನ ರಸ್ತೆಯವರು ಹದಿನಾರು ಸಾವಿರ ಹೇಳ್ತಿದ್ದಾರೆ, ನಮ್ದೂ ಅಷ್ಟೇ ಎರಡು ಬೆಡ್‌ರೂಮು, ಹದಿನಾರೇ ಇಡೋಣ ಬಿಡು." ನನಗೆ ಅದು ಸರಿ ಅನ್ನಿಸಲಿಲ್ಲ. ಜಾಸ್ತಿಯಾಯಿತು ಅಂತಲ್ಲ, ಎಷ್ಟು ಸರಿ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬರುವವರು ಯಾರೋ ಒಬ್ಬರು ಸಂಬಳದಲ್ಲಿ ಪ್ರತಿ ತಿಂಗಳು ಕೊಡುವ ದುಡ್ಡು ಅದು, ಲೆಕ್ಕ ಹಾಕಿಯೇ ಕೇಳಬೇಕು ಅಂತ ನನ್ನ ಹಠ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಪ್ಪಾಜಿ, ನಾನು ಒಂದು ಹಾಳೆ ಇಟ್ಟುಕೊಂಡು ಕೂತೆವು. ಮೊಬೈಲಿನಲ್ಲಿ ಬಾಡಿಗೆ ಜಾಹೀರಾತು ನೋಡಿದರೆ ವಿದ್ಯಾನಗರದ ಸುತ್ತಮುತ್ತ ಬೇಕಾದಷ್ಟು ಸಿಕ್ಕಿದವು, ಆದರೆ ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಅದು ಯಾವ ಮನೆಯ ಬಾಡಿಗೆಯೂ ಆಗಲ್ಲ. ಮೊದಲು ಸೋಸಬೇಕು. ಒಂದೇ ಫ್ಲಾಟನ್ನು ಬೇರೆ ಬೇರೆ ಬ್ರೋಕರ್‌ಗಳು ಹಾಕಿರುತ್ತಾರೆ, ಫೋಟೋದಲ್ಲಿ ಕಿಟಕಿ ಗ್ರಿಲ್ಲು, ನೆಲದ ಟೈಲ್ಸ್ ಹೋಲಿಸಿ ನೋಡಿದರೆ ಗೊತ್ತಾಗುತ್ತೆ. ಆಮೇಲೆ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಅಂತ ಕೊಡುವ ಮನೆಗಳು. ನಾಲ್ಕು ಜನ ಹುಡುಗರು ತಲೆಗೆ ಐದು ಸಾವಿರ ಹಾಕಿದರೆ ಇಪ್ಪತ್ತು ಸಾವಿರ ಆಗುತ್ತೆ, ಅದು ಮಂಚ ಮೇಜು ಸಮೇತ, ತಲೆಯ ಲೆಕ್ಕದ ರೇಟು. ಸಂಸಾರಕ್ಕೆ ಕೊಡುವ ಮನೆಗೆ ಅದನ್ನು ಅಳತೆಗೋಲು ಮಾಡಲು ಬರಲ್ಲ. ಹೀಗೆ ತೆಗೆದು ತೆಗೆದು, ನಮ್ಮದಕ್ಕೆ ನಿಜವಾಗಿ ಹತ್ತಿರ ಇರುವ ಮೂರು ಮನೆ ಉಳಿಸಿಕೊಂಡೆವು. ಹತ್ತಿರ ಅಂದರೆ ಅದೇ ಬಡಾವಣೆ, ಹೆಚ್ಚುಕಡಿಮೆ ಅದೇ ಅಳತೆ, ಅದೇ ವಯಸ್ಸಿನ ಕಟ್ಟಡ. ಅಳತೆಯಲ್ಲೂ ಒಂದು ಗಮನ ಬೇಕು. ಜಾಹೀರಾತಿನಲ್ಲಿ ಒಬ್ಬರು ಮೆಟ್ಟಿಲು, ಪಡಸಾಲೆ, ಗೋಡೆ ಎಲ್ಲ ಸೇರಿಸಿದ ಚದರಡಿ ಬರೆದಿರುತ್ತಾರೆ, ಇನ್ನೊಬ್ಬರು ಮನೆಯೊಳಗೆ ಕಾಲಿಡುವ ಜಾಗ ಮಾತ್ರ. ಯಾವುದು ಅಂತ ಕೇಳದೆ ಹೋಲಿಸಿದರೆ ಒಂದೇ ಅಳತೆಯ ಎರಡು ಮನೆ ಬೇರೆ ಬೇರೆ ಅನ್ನಿಸುತ್ತವೆ.

ಮೊದಲನೆಯದು ಅಪ್ಪಾಜಿಯ ಆ ಹದಿನಾರು ಸಾವಿರದ ಮನೆ. ಫೋನ್ ಮಾಡಿ ವಿಚಾರಿಸಿದೆ. ಮೊದಲನೇ ಮಹಡಿ, ಲಿಫ್ಟ್ ಇದೆ, ಕಾರಿಗೆ ಜಾಗ ಇದೆ, ಅಡುಗೆಮನೆಗೂ ರೂಮುಗಳಿಗೂ ಕಪಾಟು ಮಾಡಿಸಿದ್ದಾರೆ. "ಮೇಂಟೆನೆನ್ಸ್ ಬೇರೆನಾ ಸರ್?" ಅಂದೆ. ಸೇರಿಯೇ ಇದೆ, ಸಾವಿರ ರೂಪಾಯಿ ನಾವೇ ಕಟ್ಟುತ್ತೇವೆ ಅಂದರು. ಅಡ್ವಾನ್ಸ್ 50,000. ಇಲ್ಲೇ ಕಥೆ ಅರ್ಧ ಬದಲಾಯಿತು. ನಮ್ಮಲ್ಲಿ ಮೇಂಟೆನೆನ್ಸ್ ಬಾಡಿಗೆದಾರರೇ ಬೇರೆಯಾಗಿ ಕಟ್ಟಬೇಕು, ಅಂದಮೇಲೆ ಅವರ ಬಾಡಿಗೆ ನಮ್ಮ ಲೆಕ್ಕದಲ್ಲಿ 15,000. ನಾವು ಕೇಳುವ ಅಡ್ವಾನ್ಸ್ ಒಂದು ಲಕ್ಷ, ಅಂದರೆ 50,000 ಜಾಸ್ತಿ. ಆ ಹಣ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ ಶೇ. 6ರಂತೆ 3,000 ಬಡ್ಡಿ, ತಿಂಗಳಿಗೆ 250. ಬಾಡಿಗೆದಾರರು ಆ ಬಡ್ಡಿ ಬಿಟ್ಟುಕೊಡುತ್ತಾರೆ, ನಮಗೆ ಅದು ಸಿಗುತ್ತೆ, ಹಾಗಾಗಿ ಅದೂ ಬಾಡಿಗೆಯೇ. ಕಳೆದರೆ 14,750. ಮಹಡಿ, ಕಪಾಟಿನ ಮಾತಿಗೆ ಇನ್ನೂ ಬಂದೇ ಇಲ್ಲ, ಆಗಲೇ ಹದಿನಾರರಲ್ಲಿ 1,250 ಇಳಿಯಿತು.

ಅಪ್ಪಾಜಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಸರಿ, ಮಹಡಿಗೆ ಎಷ್ಟು ಕಳೀತೀಯಾ? ಅದಕ್ಕೆ ರೇಟ್ ಕಾರ್ಡ್ ಎಲ್ಲಿದೆ?"

ಒಳ್ಳೆಯ ಪ್ರಶ್ನೆ, ಇಡೀ ಲೆಕ್ಕದಲ್ಲಿ ಕಷ್ಟದ ಜಾಗವೇ ಅದು. ಬಾಯಿಗೆ ಬಂದಷ್ಟು ಕಳೆದರೆ ಅದು ಲೆಕ್ಕ ಅಲ್ಲ. ನಾನು ಹುಡುಕಿದ್ದು ಜೋಡಿ ಮನೆಗಳನ್ನು, ಅಂದರೆ ಎಲ್ಲವೂ ಒಂದೇ ಆಗಿದ್ದು ಒಂದೇ ಒಂದು ವಿಷಯ ಬೇರೆ ಇರುವಂಥವು. ಆಂಜನೇಯ ಬಡಾವಣೆ ಕಡೆ ಒಂದು ಸಿಕ್ಕಿತು. ಒಂದೇ ಕಟ್ಟಡ, ಲಿಫ್ಟ್ ಇಲ್ಲ, ಒಬ್ಬರೇ ಮಾಲೀಕರು, ಒಂದೇ ನಕ್ಷೆ. ಮೊದಲನೇ ಮಹಡಿ 12,000, ಮೂರನೆಯದು 11,000. ಅದೂ ಕೊನೆಯ ಮಹಡಿಯೇ. ಅಂದರೆ ಎರಡು ಮಹಡಿ ಹೆಚ್ಚು ಹತ್ತುವುದಕ್ಕೂ ತಾರಸಿಯ ಬಿಸಿಗೂ ಸೇರಿ ಸಾವಿರ ರೂಪಾಯಿ. ಕಪಾಟಿಗೂ ಹಾಗೇ ಒಂದು ಜೋಡಿ ಹುಡುಕಿದೆ, ಅಲ್ಲಿ ವ್ಯತ್ಯಾಸ 800 ಇತ್ತು. ಕಪಾಟಿಗೆ ಮಾಲೀಕರು ಲಕ್ಷಗಟ್ಟಲೆ ಸುರಿದಿರಬಹುದು, ಆದರೆ ಬಾಡಿಗೆದಾರರು ಅದಕ್ಕೆ ತಿಂಗಳಿಗೆ ಎಷ್ಟು ಜಾಸ್ತಿ ಕೊಡಲು ಒಪ್ಪುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ, ಮಾಡಿಸಿದ ಖರ್ಚಲ್ಲ.

ಈಗ ಹದಿನಾರರ ಮನೆಗೆ ವಾಪಸ್ ಬಂದರೆ, ಅದು ಮೊದಲನೇ ಮಹಡಿ, ನಮ್ಮದು ಮೂರನೆಯದು, ಸಾವಿರ ಕಳೆಯಿರಿ. ಕಪಾಟಿಗೆ 800 ಕಳೆಯಿರಿ. ಉಳಿಯುವುದು 12,950. ಅಪ್ಪಾಜಿ "ಲಿಫ್ಟಿಗೂ ಏನಾದ್ರೂ ತೆಗೀಬೇಕಲ್ವಾ" ಅಂದರು. ಬೇಡ ಅಂದೆ. ಲಿಫ್ಟ್ ಇಲ್ಲದೆ ಮೂರು ಮಹಡಿ ಹತ್ತುವ ಕಷ್ಟಕ್ಕೇ ಆ ಸಾವಿರ ಕಳೆದಾಗಿದೆ. ಮೊದಲನೇ ಮಹಡಿಯವರಿಗೆ ಲಿಫ್ಟ್ ಇದ್ದರೂ ಇಲ್ಲದಿದ್ದರೂ ಅಂಥಾ ವ್ಯತ್ಯಾಸ ಇಲ್ಲ, ಮತ್ತೆ ಕಳೆದರೆ ಒಂದೇ ಕಷ್ಟಕ್ಕೆ ಎರಡು ಸಲ ಕಳೆದ ಹಾಗೆ. ಅದೇ ಲಿಫ್ಟ್ ಇರುವ ಕಟ್ಟಡದ ಮೂರನೇ ಮಹಡಿ ಮನೆ ಸಿಕ್ಕಿದ್ದರೆ ಆಗ ಲಿಫ್ಟಿಗೆ ಬೆಲೆ ಕಟ್ಟಬೇಕಿತ್ತು.

ಇನ್ನೊಂದು ಗೊಂದಲ ಕೂಡಿಸುವುದು ಯಾವಾಗ, ಕಳೆಯುವುದು ಯಾವಾಗ ಅನ್ನುವುದು. ನಾವು ತಿದ್ದುತ್ತಿರುವುದು ಅವರ ಮನೆಯ ಬಾಡಿಗೆಯನ್ನು, ಅದು ನಮ್ಮ ಮನೆಯ ಹಾಗೇ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು ಅಂತ. ಅವರಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದಕ್ಕೆ ಕಳೆಯಬೇಕು, ನಮ್ಮಲ್ಲಿ ಇದ್ದು ಅವರಲ್ಲಿ ಇಲ್ಲದ್ದಕ್ಕೆ ಕೂಡಿಸಬೇಕು. ಎರಡನೇ ಮನೆಯಲ್ಲಿ ಇದು ಚೆನ್ನಾಗಿ ಕಂಡಿತು. 12,500 ಬಾಡಿಗೆ, ಮೇಂಟೆನೆನ್ಸ್ ಬೇರೆ, ಅಡ್ವಾನ್ಸ್ ಒಂದು ಲಕ್ಷ, ಎಲ್ಲ ನಮ್ಮ ಹಾಗೇ. ಎರಡನೇ ಮಹಡಿ, ಮೇಲೆ ಇನ್ನೊಂದು ಮನೆ ಇದೆ, ಲಿಫ್ಟ್ ಇಲ್ಲ. ಆದರೆ ಬೈಕಿಗೆ ಮಾತ್ರ ಜಾಗ, ಕಾರಿದ್ದರೆ ರಸ್ತೆಯಲ್ಲೇ. ನಮ್ಮದಕ್ಕಿಂತ ಒಂದೇ ಮಹಡಿ ಕೆಳಗೆ, ಹಾಗಾಗಿ ಮಹಡಿಗೆ ಅಂದಾಜಿನಲ್ಲಿ ಆ ಸಾವಿರದ ಅರ್ಧ, 500 ಕಳೆದೆವು. ಕಾರಿನ ಜಾಗಕ್ಕೆ 700 ಕೂಡಿಸಿದೆವು, ಆ ಬೀದಿಯಲ್ಲೇ ಒಬ್ಬರು ಖಾಲಿ ಶೆಡ್ಡನ್ನು ಕಾರು ನಿಲ್ಲಿಸಲು ಅಷ್ಟಕ್ಕೇ ಬಾಡಿಗೆಗೆ ಕೊಟ್ಟಿದ್ದಾರೆ. ಅಲ್ಲಿಗೆ 12,700.

ಮೂರನೆಯದು ಜಾಹೀರಾತಲ್ಲ. ನಮ್ಮದೇ ಕಟ್ಟಡದ ಮೊದಲನೇ ಮಹಡಿ. ಮಾಲೀಕರು ಅಪ್ಪಾಜಿಗೆ ಪರಿಚಯ, ಕೇಳಿದ ಕೂಡಲೇ ಹೇಳಿದರು. ಈ ವರ್ಷ ಕರಾರು ಹೊಸದು ಮಾಡುವಾಗ 13,600 ಮಾಡಿದ್ದಾರಂತೆ, ಬಾಕಿ ಎಲ್ಲ ಷರತ್ತೂ ನಮ್ಮ ಹಾಗೇ. ಮಹಡಿಗೆ ಸಾವಿರ ಕಳೆದರೆ 12,600. ನನಗೆ ಜಾಸ್ತಿ ನಂಬಿಕೆ ಇದರ ಮೇಲೆ. ಜಾಹೀರಾತಿನಲ್ಲಿ ಇರುವುದು ಮಾಲೀಕರ ಆಸೆ, ಇಲ್ಲಿ ಇರುವುದು ನಿಜವಾಗಿ ಕೈಗೆ ಬರುತ್ತಿರುವ ದುಡ್ಡು. ಒಂದೇ ಒಂದು ತಿದ್ದುಪಡಿ ಬೇರೆ. ಹಳೆಯ ಬಾಡಿಗೆದಾರರು ಅಂತ ಸ್ವಲ್ಪ ಕಡಿಮೆಯೇ ಏರಿಸಿರುತ್ತಾರೆ, ಅದು ಸಹಜ, ಹಾಗಾಗಿ ಹೊಸಬರಿಗೆ ಇದಕ್ಕಿಂತ ತುಸು ಮೇಲೆ ಇರಬಹುದು. ಹದಿನಾರರ ಮನೆ ಮಾತ್ರ ಉಲ್ಟಾ. ಅದಕ್ಕೆ ನಾವು ಮಾಡಿದ ತಿದ್ದುಪಡಿ ಎಲ್ಲ ಸೇರಿ ಮೂರು ಸಾವಿರ ದಾಟಿತು, ಅಷ್ಟು ತಿದ್ದಿದ ಮೇಲೆ ಬರುವ ಅಂಕಿಯನ್ನು ಪೂರ್ತಿ ನಂಬಲು ಆಗಲ್ಲ. ಜೊತೆಗೆ ಆ ಜಾಹೀರಾತು ಹಾಕಿ ತಿಂಗಳು ಕಳೆದಿದೆ, ಮನೆ ಇನ್ನೂ ಖಾಲಿ. ಯಾರೂ ಕೊಡಲು ಮುಂದೆ ಬಂದಿಲ್ಲದ ಬಾಡಿಗೆ ಅದು. ಹಾಗಾಗಿ 12,950ನ್ನು ಮೇಲಿನ ಗಡಿ ಅಂತ ಇಟ್ಟುಕೊಂಡು, ನಮ್ಮ ಮನೆಗೆ 12,700ರಿಂದ 12,900 ಸರಿ ಅಂತ ಬರೆದೆ.

ಅಪ್ಪಾಜಿಗೆ ಇನ್ನೂ ಪೂರ್ತಿ ಸಮಾಧಾನ ಇರಲಿಲ್ಲ. "ಹದಿನಾಲ್ಕು ಹೇಳಿ ಕಾಯೋಣ, ಯಾರಾದ್ರೂ ಬರ್ತಾರೆ" ಅಂದರು. ಬರಬಹುದು. ಆದರೆ ಹದಿಮೂರರ ಬದಲು ಹದಿನಾಲ್ಕು ಸಿಕ್ಕಿದರೆ ಹನ್ನೊಂದು ತಿಂಗಳ ಕರಾರಿಗೆ ಲಾಭ 11,000. ಅಷ್ಟಕ್ಕಾಗಿ ಮನೆ ಒಂದೇ ಒಂದು ತಿಂಗಳು ಖಾಲಿ ಬಿದ್ದರೂ ನಷ್ಟ 13,000, ಮೇಲೆ ಮೇಂಟೆನೆನ್ಸ್ ನಾವೇ ಕಟ್ಟಬೇಕು. ಈ ಲೆಕ್ಕ ಅವರು ತಾವೇ ಇನ್ನೊಂದು ಸಲ ಹಾಕಿ ನೋಡಿದರು. ಆಮೇಲೆ ಮಾತಾಡಲಿಲ್ಲ. ಚೌಕಾಸಿಗೆ ಸ್ವಲ್ಪ ಜಾಗ ಬಿಟ್ಟು 13,200 ಅಂತ ಬೋರ್ಡ್ ಹಾಕಲು ಒಪ್ಪಿದರು.

ಮನೆ ನೋಡಲು ಬಂದವರಲ್ಲಿ ಒಬ್ಬರು ಶಾಲೆಯ ಮೇಷ್ಟ್ರು. ಬೇಕೆಂದೇ ಮಧ್ಯಾಹ್ನ ಬಂದಿದ್ದರು. ನನಗೆ ಅದು ಹಿಡಿಸಿತು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಕೊನೆಯ ಮಹಡಿ ಮನೆಯನ್ನು ಬೆಳಿಗ್ಗೆ ಏಳಕ್ಕೆ ನೋಡಿದರೆ ಏನೂ ಗೊತ್ತಾಗಲ್ಲ, ಮಧ್ಯಾಹ್ನ ಮೂರಕ್ಕೆ ಹೋಗಿ ಪಶ್ಚಿಮದ ಗೋಡೆ ಮುಟ್ಟಿ ನೋಡಬೇಕು, ನಲ್ಲಿ ಬಿಟ್ಟು ತಾರಸಿಯ ಟ್ಯಾಂಕಿನ ನೀರು ಎಷ್ಟು ಬಿಸಿ ಇದೆ ನೋಡಬೇಕು. ಅವರು ಎರಡನ್ನೂ ಮಾಡಿದರು. ಬೇಸಿಗೆಯಲ್ಲಿ ಕಾರ್ಪೊರೇಷನ್ ನೀರು ಬರದ ದಿನ ಬೋರ್ ಸಾಕಾಗುತ್ತಾ ಅಂತ ಕೆಳಗಿನ ಮನೆಯವರನ್ನೇ ಕೇಳಿ ಬಂದರು. ಆಮೇಲೆ "12,300 ಮಾಡಿಕೊಳ್ಳಿ ಸರ್, ಬೇಸಿಗೆಗೆ ಕೂಲರ್ ಇಲ್ಲದೆ ಆಗಲ್ಲ ಇಲ್ಲಿ" ಅಂದರು.

ಅಪ್ಪಾಜಿ ಒಳಗೆ ಹೋಗಿ ಹಾಳೆ ತಂದು ಅವರ ಮುಂದೆಯೇ ಇಟ್ಟರು. ಮೂರೂ ಮನೆ, ಮೂರೂ ಲೆಕ್ಕ. ಬಿಸಿಗೆ ಆಗಲೇ ಕಳೆದಿದ್ದೀವಿ ನೋಡಿ ಮೇಷ್ಟ್ರೇ ಅಂತ ತೋರಿಸಿದರು. ಮೇಷ್ಟ್ರು ನಿಧಾನಕ್ಕೆ ಓದಿದರು, ಮೇಂಟೆನೆನ್ಸ್ ಕಳೆದ ಸಾಲಿನ ಮೇಲೆ ಬೆರಳಿಟ್ಟು ಒಂದು ಪ್ರಶ್ನೆ ಕೇಳಿದರು, ತಲೆಯಾಡಿಸಿದರು. 12,800ಕ್ಕೆ ಮುಗಿಯಿತು. ಅಡ್ವಾನ್ಸ್ ಒಂದು ಲಕ್ಷ, ಮುಂದಿನ ಕರಾರಿಗೆ ಶೇ. 5 ಏರಿಕೆ.

ಹೋಗುವ ಮುಂಚೆ ಅವರು ಒಂದು ಮಾತು ಕೇಳಿದರು. ತಾರಸಿಗೆ ಬಿಸಿ ತಡೆಯುವ ಬಿಳಿ ಪೇಂಟ್ ಹೊಡೆಸಿಕೊಡುತ್ತೀರಾ, ಹಾಗೆ ಮಾಡಿದರೆ ತಿಂಗಳಿಗೆ 200 ಸೇರಿಸಿ ಕೊಡುತ್ತೇನೆ ಅಂತ. ಅಪ್ಪಾಜಿ ಈಗ ಪೇಂಟಿನವರನ್ನು ಕರೆಸಿ ತಾರಸಿ ಅಳೆಸುತ್ತಿದ್ದಾರೆ. ವರ್ಷಕ್ಕೆ 2,400 ಬರುತ್ತೆ, ಆ ಪೇಂಟ್ ಎಷ್ಟು ವರ್ಷ ತಡೆಯುತ್ತೆ ಅಂತ ಕೇಳಿ ಆಮೇಲೆ ಹೂಂ ಅನ್ನುತ್ತಾರಂತೆ.