ಮಗುವಿನ ಕೋಣೆಯಲ್ಲೊಂದು ಹಳೇ ಫೋನು

ನಾವು ಇಲ್ಲಿ ಬಾಡಿಗೆಗಿರುವುದು ಮಹಡಿ ಮನೆ. ಮಗು ಮಲಗುವುದು ಮೇಲೆ, ನಮ್ಮ ಕೆಲಸವೆಲ್ಲ ಕೆಳಗೆ. ಚಳಿ ಒಳಗೆ ಬರಬಾರದು ಅಂತ ಬಾಗಿಲು ಕಿಟಕಿಗಳನ್ನು ಎಷ್ಟು ಬಿಗಿಯಾಗಿ ಮಾಡಿದ್ದಾರೆ ಅಂದರೆ, ಬಾಗಿಲು ಹಾಕಿದರೆ ಮೇಲಿನ ಅಳು ಕೆಳಗೆ ಕೇಳಿಸುವುದೇ ಇಲ್ಲ. ಮೂಲೆಯಲ್ಲಿ ಸುಮ್ನೆ ಬಿದ್ದಿದ್ದ ಎರಡು ಹಳೇ ಆಂಡ್ರಾಯ್ಡ್ ಫೋನುಗಳನ್ನು ಈಗ ಬೇಬಿ ಮಾನಿಟರ್ ಮಾಡಿಕೊಂಡಿದ್ದೇವೆ. ಊರಿಂದ ಫೋನ್ ಮಾಡಿದವರೆಲ್ಲ ಅದು ಹೇಗೆ ಅಂತ ಕೇಳುತ್ತಾರೆ. ಅದಕ್ಕೇ ಈ ಬರಹ.

ಇದಕ್ಕೆ ಆ್ಯಪ್‌ಗಳು ಬೇಕಾದಷ್ಟಿವೆ. ಆರಿಸುವ ಮೊದಲು ನೋಡಬೇಕಾದದ್ದು ಒಂದೇ: ಮೇಲಿನ ಕೋಣೆಯ ಸದ್ದು ಕೆಳಗೆ ಬರುವುದು ಯಾವ ದಾರಿಯಲ್ಲಿ? ಇಮೇಲ್ ಕೊಟ್ಟು ಅಕೌಂಟ್ ತೆರೆಯಿರಿ ಅನ್ನುವ ಆ್ಯಪ್‌ಗಳಲ್ಲಿ ಎಷ್ಟೋ ಸಲ ಸದ್ದು ಯಾವುದೋ ದೂರದ ಸರ್ವರ್‌ಗೆ ಹೋಗಿ ಸುತ್ತಿ ಬರುತ್ತದೆ. ಇನ್ನೊಂದು ಬಗೆಯವು ಮನೆಯ ವೈಫೈ ಒಳಗೇ ಒಂದು ಫೋನಿನಿಂದ ಇನ್ನೊಂದಕ್ಕೆ ನೇರ ಕಳಿಸುತ್ತವೆ. ನಾವು ಬಳಸುವುದು F-Droid ಅನ್ನುವ ಉಚಿತ ಆ್ಯಪ್ ಅಂಗಡಿಯಲ್ಲಿ ಸಿಗುವ Child Monitor. ಅಕೌಂಟ್ ಇಲ್ಲ, ಜಾಹೀರಾತಿಲ್ಲ. ಒಂದು ಫೋನಿಗೆ ಮಗುವಿನ ಪಾತ್ರ, ಇನ್ನೊಂದಕ್ಕೆ ತಂದೆತಾಯಿಯ ಪಾತ್ರ ಕೊಟ್ಟರೆ ಮುಗಿಯಿತು. ಒಂದೇ ಕಡೆಯಿಂದ ಸದ್ದು ಬರುತ್ತದೆ, ಚಿತ್ರ ಇಲ್ಲ. ನಮಗೆ ಬೇಕಾದದ್ದೂ ಅಷ್ಟೇ.

ಒಂದು ಮಾತು. ಈ ಆ್ಯಪ್ ಸದ್ದಿಗೆ ಬೀಗ ಹಾಕುವುದಿಲ್ಲ. ಅಂದರೆ ಅದೇ ವೈಫೈಯಲ್ಲಿರುವ ಬೇರೆ ಯಾರಾದರೂ ಮನಸ್ಸು ಮಾಡಿದರೆ ಕೇಳಿಸಿಕೊಳ್ಳಬಹುದು. ಮನೆಯವರಷ್ಟೇ ಇರುವ ವೈಫೈ ಆದರೆ ತೊಂದರೆ ಇಲ್ಲ. ಹೊರನಾಡಿನಲ್ಲಿ ಬಾಡಿಗೆಗಿರುವ ಎಷ್ಟೋ ಜನರ ಪರಿಸ್ಥಿತಿ ಹಾಗಿರುವುದಿಲ್ಲ, ಇಡೀ ಕಟ್ಟಡಕ್ಕೆ ಒಂದೇ ವೈಫೈ ಇರುತ್ತದೆ. ಅಂಥ ಕಡೆ ಫೋನುಗಳು ಒಂದಕ್ಕೊಂದು ಕಾಣದ ಹಾಗೆ ತಡೆದಿರುವುದೂ ಉಂಟು, ಆಗ ಆ್ಯಪ್ ಇನ್ನೊಂದು ಫೋನನ್ನು ಹುಡುಕುತ್ತಲೇ ಇರುತ್ತದೆ. ಎರಡಕ್ಕೂ ಉಪಾಯ ಒಂದೇ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಇನ್ನೊಂದನ್ನು ಅದಕ್ಕೆ ಸೇರಿಸಿ. ಮೊಬೈಲ್ ಡೇಟಾ ಆಫ್ ಇರಲಿ. ಇಂಟರ್ನೆಟ್ಟೇ ಇಲ್ಲದ, ಎರಡೇ ಫೋನಿನ ಜಾಲ ಅದು. ಕೆಲವು ಫೋನುಗಳು ಸಿಮ್ ಇಲ್ಲದೆ ಹಾಟ್‌ಸ್ಪಾಟ್ ಹಾಕಲು ಬಿಡುವುದಿಲ್ಲ, ಮೊದಲೇ ನೋಡಿಕೊಳ್ಳಿ.

ನೀವು ಬೇರೆ ಆ್ಯಪ್ ಆರಿಸಿದ್ದರೂ ಅದು ಸದ್ದನ್ನು ಹೊರಗೆ ಕಳಿಸುತ್ತಿದೆಯಾ ಅಂತ ತಿಳಿಯುವುದು ಸುಲಭ. ಎರಡೂ ಫೋನಿನಿಂದ ಸಿಮ್ ತೆಗೆದು, ಸದ್ದು ಬರುತ್ತಿರುವಾಗಲೇ ರೂಟರ್‌ಗೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ. ವೈಫೈ ಮಾತ್ರ ಉಳಿಯುತ್ತದೆ. ಸದ್ದು ನಿಂತರೆ ಆ ಆ್ಯಪ್ ಹೊರಗಿನ ಸರ್ವರ್ ಇಲ್ಲದೆ ನಡೆಯುವುದಿಲ್ಲ ಅಂತ ಗೊತ್ತಾಯಿತು. ಮುಂದುವರಿದರೆ ಸದ್ದು ಮನೆಯೊಳಗಿನ ದಾರಿಯಲ್ಲೇ ಬರುತ್ತಿದೆ. ಇಂಟರ್ನೆಟ್ ಇರುವಾಗ ಅದು ಬೇರೇನನ್ನೂ ಕಳಿಸುವುದಿಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ, ಅಲ್ವಾ? ಅದಕ್ಕೇ ನನಗೆ ಹಾಟ್‌ಸ್ಪಾಟ್ ದಾರಿಯೇ ಇಷ್ಟ. ಜೊತೆಗೆ ಫೋನುಗಳನ್ನು ಪೂರ್ತಿ ರೀಸೆಟ್ ಮಾಡಿ, ಆ್ಯಪ್ ಹಾಕಿದ ಮೇಲೆ ಯಾವ ಅಕೌಂಟೂ ಇಲ್ಲದೆ ಬಿಟ್ಟಿದ್ದೇವೆ. ಹಳೇ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ಎಂದೋ ನಿಂತಿರುತ್ತದೆ. ಅಂಥದ್ದರ ಮೈಕ್ ರಾತ್ರಿಯಿಡೀ ತೆರೆದಿಟ್ಟು ಇಂಟರ್ನೆಟ್ಟಿಗೂ ಸೇರಿಸುವುದು ಸರಿಯಲ್ಲ.

ಈಗ ತಡವಾಗಿ ಕೇಳುವ ವಿಷಯ. ಮೈಕ್ ಹಿಡಿದ ಸದ್ದು ಚೂರುಚೂರಾಗಿ ಹೊರಡುತ್ತದೆ. ಈ ಕಡೆಯ ಫೋನು ನಾಲ್ಕಾರು ಚೂರು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಇಲ್ಲದಿದ್ದರೆ ವೈಫೈ ಸ್ವಲ್ಪ ತಡವರಿಸಿದರೂ ಸದ್ದು ಕತ್ತರಿಸುತ್ತದೆ. ಮಗುವಿನ ಅಳು ಅರ್ಧ ಸೆಕೆಂಡ್ ತಡವಾಗಿ ಕೇಳಿದರೆ ಏನೂ ಆಗುವುದಿಲ್ಲ. ಇದೇ ಫೋನುಗಳನ್ನು ಮೇಲೆ ಕೆಳಗೆ ಮಾತಾಡುವ ಇಂಟರ್‌ಕಾಮ್ ಮಾಡಿಕೊಳ್ಳುತ್ತೇನೆ ಅಂದರೆ ಮಾತ್ರ ಅರ್ಧ ಸೆಕೆಂಡ್ ಜಾಸ್ತಿಯಾಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಲೀಸು. ಅದು ಮೀರುತ್ತಾ ಹೋದ ಹಾಗೆ ಇಬ್ಬರೂ ಒಟ್ಟಿಗೆ ಬಾಯಿ ತೆಗೆದು, ಒಟ್ಟಿಗೆ ನಿಲ್ಲಿಸುವುದು ಶುರುವಾಗುತ್ತದೆ. ಅಂಥವರು ಗುಂಡಿ ಒತ್ತಿ ಮಾತಾಡುವ ಬಗೆಯ ಆ್ಯಪ್ ಹಾಕಿಕೊಳ್ಳುವುದು ಮೇಲು.

ಎಷ್ಟು ತಡ ಅಂತ ಅಳೆಯಲು ಮೂರನೇ ಫೋನು ಬೇಕು. ಅದನ್ನು ಕೆಳಗಿನ ಫೋನಿನ ಪಕ್ಕ ಇಟ್ಟು ರೆಕಾರ್ಡರ್ ಹಾಕಿ. ಬಾಗಿಲು ತೆರೆದಿರಲಿ. ಮೇಲೆ ಹೋಗಿ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಗಾಳಿಯಲ್ಲಿ ಬಂದ ಸದ್ದು ಒಂದು, ಸ್ಪೀಕರ್‌ನಿಂದ ಬಂದದ್ದು ಇನ್ನೊಂದು, ರೆಕಾರ್ಡಿಂಗಿನ ಗೆರೆಯಲ್ಲಿ ಎರಡು ಮೊನೆ ಕಾಣುತ್ತವೆ. ಅವುಗಳ ನಡುವಿನ ಅಂತರವೇ ನಿಮ್ಮ ತಡ. ಗಾಳಿಯಲ್ಲಿ ಸದ್ದು 10 ಮೀಟರ್ ಬರಲು ಸುಮಾರು 30 ಮಿಲಿಸೆಕೆಂಡ್ ಸಾಕು, ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಇದನ್ನು ರಾತ್ರಿ ಒಮ್ಮೆ ಮಾಡಿ, ಬೆಳಗ್ಗೆ ಇನ್ನೊಮ್ಮೆ ಮಾಡಿ. ನಮ್ಮಲ್ಲಿ ರಾತ್ರಿ ಅರ್ಧ ಸೆಕೆಂಡಿಗಿಂತ ಕಡಿಮೆ ಇದ್ದದ್ದು ಬೆಳಗ್ಗೆ ಎರಡು ಸೆಕೆಂಡಿನ ಹತ್ತಿರ ಬಂದಿತ್ತು. ಕಾರಣ ಇದು. ಎರಡು ಫೋನುಗಳ ಒಳಗಿನ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷ ಸೆಕೆಂಡಿಗೆ 50 ಸೆಕೆಂಡಿನಷ್ಟು ವ್ಯತ್ಯಾಸ ಅಂತಿಟ್ಟುಕೊಳ್ಳಿ. ಗಂಟೆಗೆ 3,600 ಸೆಕೆಂಡ್, ಅಂದರೆ ಗಂಟೆಗೆ 0.18 ಸೆಕೆಂಡ್ ವ್ಯತ್ಯಾಸ. 8 ಗಂಟೆಗೆ 1.44 ಸೆಕೆಂಡ್ ಆಯಿತು. ಮೇಲಿನ ಫೋನು ಒಂಚೂರು ಬೇಗ ಕಳಿಸುತ್ತಿದ್ದು, ಕೆಳಗಿನದು ಒಂಚೂರು ನಿಧಾನ ನುಡಿಸುತ್ತಿದ್ದರೆ ಚೂರುಗಳು ಕ್ಯೂ ನಿಲ್ಲುತ್ತವೆ. ವೈಫೈ ನಡುವೆ ತಡವರಿಸಿದಾಗಲೂ ಕ್ಯೂ ಬೆಳೆಯುತ್ತದೆ. ಹಿಂದೆ ಬಿದ್ದದ್ದನ್ನು ಬಿಟ್ಟು ಮುಂದೆ ಹೋಗುವ ಬುದ್ಧಿ ಆ್ಯಪ್‌ಗೆ ಇಲ್ಲದಿದ್ದರೆ ತಡ ತಾನಾಗಿ ಕಡಿಮೆಯಾಗುವುದಿಲ್ಲ. ನಾವು ಮಲಗುವ ಮುಂಚೆ ಕನೆಕ್ಷನ್ ಒಮ್ಮೆ ತೆಗೆದು ಮತ್ತೆ ಹಾಕುತ್ತೇವೆ, ಕ್ಯೂ ಖಾಲಿಯಾಗುತ್ತದೆ.

ತಡಕ್ಕಿಂತ ನನಗೆ ಜಾಸ್ತಿ ಹೆದರಿಕೆ ಇರುವುದು ನಿಶ್ಶಬ್ದಕ್ಕೆ. ಸದ್ದು ಬರುತ್ತಿಲ್ಲ ಅಂದರೆ ಮಗು ಮಲಗಿದೆಯೋ, ಕನೆಕ್ಷನ್ ಹೋಗಿದೆಯೋ? ಅಳು ಕೇಳಿದಾಗ ಮಾತ್ರ ಕಳಿಸುವ ಸೌಲಭ್ಯ ಕೆಲವು ಆ್ಯಪ್‌ಗಳಲ್ಲಿದೆ. ಅದನ್ನು ಆಫ್ ಮಾಡಿ. ಸದ್ದು ಸದಾ ಬರುತ್ತಿರಲಿ, ಕೋಣೆಯ ಸಣ್ಣ ಗುಂಯ್‌ ಕೂಡ ಕೇಳುತ್ತಿರಲಿ. ನಾವಂತೂ ಮೇಲಿನ ಫೋನಿನ ಹತ್ತಿರ ಟಿಕ್ ಟಿಕ್ ಅನ್ನುವ ಗಡಿಯಾರವೊಂದನ್ನು ಇಟ್ಟಿದ್ದೇವೆ. ಕೆಳಗೆ ಆ ಟಿಕ್ ಟಿಕ್ ನಿಂತರೆ ಮೇಲೆ ಹೋಗಿ ನೋಡುವುದು. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ತಾನೇ ಆ್ಯಪ್ ಮುಚ್ಚಿಬಿಡುವುದೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಈ ಆ್ಯಪ್ ಮೇಲಿನ ಬ್ಯಾಟರಿ ಮಿತಿಯನ್ನು ಎರಡೂ ಫೋನಿನಲ್ಲಿ ತೆಗೆಯಿರಿ.

ಮೇಲೆ ಮಗುವಿನ ಜೊತೆ ಕೂತವರ ಮಾತೂ ಕೆಳಗೆ ಕೇಳುತ್ತದೆ. ನೆಂಟರು ಬಂದರೆ, ಮಗು ನೋಡಿಕೊಳ್ಳುವವರು ಬಂದರೆ, ಮೈಕ್ ಆನ್ ಇದೆ ಅಂತ ಮೊದಲೇ ಹೇಳಿಬಿಡಿ. ಹೇಳದೆ ಬೇರೆಯವರ ಮಾತು ಕೇಳುವುದು, ರೆಕಾರ್ಡ್ ಮಾಡುವುದು ಎಷ್ಟೋ ದೇಶಗಳಲ್ಲಿ ಅಪರಾಧ. ದೊಡ್ಡವರು ಒಳಗಿರುವಷ್ಟು ಹೊತ್ತು ಆಫ್ ಮಾಡಿದರೂ ಆಯಿತು.

ಚಾರ್ಜರ್ ವೈರು ತೊಟ್ಟಿಲಿನಿಂದ 3 ಅಡಿಯಾದರೂ ದೂರ ಇರಲಿ, ಫೋನು ಹಾಸಿಗೆ ಮೇಲೆ ಬೇಡ. ರಾತ್ರಿಯಿಡೀ ಚಾರ್ಜಿನಲ್ಲಿರುವ ಹಳೇ ಬ್ಯಾಟರಿ ಊದಿಕೊಳ್ಳಬಹುದು. ಆಗಾಗ ಫೋನನ್ನು ಮೇಜಿನ ಮೇಲೆ ಮಲಗಿಸಿ ನೋಡಿ. ಹಿಂಭಾಗ ಉಬ್ಬಿ ಫೋನು ಅಲುಗಾಡಿದರೆ, ಇಲ್ಲವೇ ಸ್ಕ್ರೀನಿನ ಅಂಚು ಎದ್ದಿದ್ದರೆ, ಆ ಫೋನು ಅವತ್ತಿನಿಂದಲೇ ಬೇಡ.