ಡಿಕ್ಕಿಯೊಳಗಿನ ಬಾಂಬು

ನಮ್ಮ ಕಾಲದಲ್ಲಿ ಕಾಲೇಜಿನ ಫಿಲ್ಮ್ ಕ್ಲಬ್ ನಡೆಯುತ್ತಿದ್ದದ್ದು ಫಿಸಿಕ್ಸ್ ಲ್ಯಾಬಿನ ಪಕ್ಕದ ಕೋಣೆಯಲ್ಲಿ. ಕಿಟಕಿಗೆ ಕಂಬಳಿ, ಗೋಡೆಗೆ ಬಿಳಿ ಪಂಚೆ. ಒಂದು ಶನಿವಾರ ನಮ್ಮ ಇಂಗ್ಲಿಷ್ ಮೇಷ್ಟ್ರು ಲ್ಯಾಬಿನ ಸ್ಟಾಪ್‌ವಾಚ್ ಎರವಲು ತಂದು ನನ್ನ ಕೈಗಿಟ್ಟರು. "ಮೊದಲ ಕಟ್ ಬಂದ ಕೂಡಲೇ ಒತ್ತು. ಅಷ್ಟೇ ಕೆಲಸ" ಅಂದರು.

ಹಾಕಿದ್ದು ಆರ್ಸನ್ ವೆಲ್ಸ್ ನಿರ್ದೇಶಿಸಿದ 1958ರ 'ಟಚ್ ಆಫ್ ಈವಿಲ್'. ಮೆಕ್ಸಿಕೋ-ಅಮೆರಿಕಾ ಗಡಿಯ ಒಂದು ಊರು, ರಾತ್ರಿ. ಪರದೆ ತುಂಬಾ ಎರಡು ಕೈ. ಬಾಂಬಿನ ಗಡಿಯಾರ ತಿರುಗುತ್ತದೆ. ಒಬ್ಬ ಓಡಿ ಬಂದು ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾಯವಾಗುತ್ತಾನೆ. ಗಂಡು ಹೆಣ್ಣು ಇಬ್ಬರು ನಗುತ್ತಾ ಬಂದು ಕಾರು ಹತ್ತುತ್ತಾರೆ. ಕ್ರೇನಿನ ಮೇಲಿದ್ದ ಕ್ಯಾಮೆರಾ ಸೂರುಗಳಾಚೆ ಏಳುತ್ತದೆ, ಕಾರು ಕಟ್ಟಡದ ಹಿಂದೆ ಮರೆಯಾಗಿ ಮತ್ತೆ ರಸ್ತೆಗೆ ಬರುತ್ತದೆ. ಪೊಲೀಸ್ ಕೈ ತೋರಿಸಿದ, ನಿಂತಿತು. ಆಡುಗಳ ಹಿಂಡು ಅಡ್ಡ ಬಂತು, ಮತ್ತೆ ನಿಂತಿತು. ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಇನ್ನೊಂದು ಜೋಡಿ ಕಾರಿನ ಪಕ್ಕದಲ್ಲೇ ಆರಾಮಾಗಿ ನಡೆದು ಬರುತ್ತಿದೆ. ಗಡಿಯ ಚೌಕಿಯಲ್ಲಿ ಕಾರಿನ ಹುಡುಗಿ, ತಲೆಯೊಳಗೆ ಏನೋ ಟಿಕ್‌ಟಿಕ್ ಅನ್ನುತ್ತಿದೆ ಅಂತ ದೂರುತ್ತಾಳೆ. ಯಾರೂ ಕಿವಿಗೊಡುವುದಿಲ್ಲ. ಕಾರು ಚೌಕಟ್ಟಿನಾಚೆ ಹೋಯಿತು. ನಡೆಯುತ್ತಿದ್ದ ಜೋಡಿ ಮುತ್ತಿಡುವಾಗ ಸ್ಫೋಟದ ಸದ್ದು. ಕಟ್ ಬರುವುದು ಆಗ.

ನಾನು ಸ್ಟಾಪ್‌ವಾಚ್ ಒತ್ತಲಿಲ್ಲ. ಕೈಯಲ್ಲಿ ಅದಿದೆ ಅನ್ನೋದೇ ಮರೆತಿತ್ತು.

ಮೇಷ್ಟ್ರು ನಕ್ಕು ಮತ್ತೆ ಹಾಕಿದರು. ಮೊದಲ ಕಟ್ ಬರುವವರೆಗೆ ಸುಮಾರು 3 ನಿಮಿಷ 20 ಸೆಕೆಂಡು. "ಗಡಿಯಾರ ಎಷ್ಟು ಸಲ ತೋರಿಸಿದ?" ಅಂತ ಕೇಳಿದರು. ಒಂದೇ ಸಲ, ಶುರುವಿನಲ್ಲಿ. ನಾವು ನೋಡಿ ಬೆಳೆದ ಕ್ಲೈಮ್ಯಾಕ್ಸ್‌ಗಳಲ್ಲಿ ಗಡಿಯಾರ, ಹೀರೋನ ಹಣೆಯ ಬೆವರು, ಮತ್ತೆ ಗಡಿಯಾರ ಅಂತ ಕಟ್ ಮಾಡಿ ಮಾಡಿ ಹತ್ತು ಸೆಕೆಂಡನ್ನು ಒಂದು ನಿಮಿಷ ಎಳೆಯುತ್ತಿದ್ದರು. ಕಟ್ ಇದ್ದರೆ ಸಮಯವನ್ನು ಹಿಗ್ಗಿಸಬಹುದು, ಕದಿಯಬಹುದು. ಕಟ್ ಇಲ್ಲದಿದ್ದರೆ ಅವರ ನಿಮಿಷವೂ ನಮ್ಮ ನಿಮಿಷವೂ ಒಂದೇ. ಎಣಿಸುವ ಕೆಲಸ ನಮ್ಮ ತಲೆಗೆ ಬೀಳುತ್ತದೆ. ಆಡುಗಳು ಕಾರನ್ನು ತಡೆದಾಗ ನಮಗೆ ಸಿಟ್ಟು ಬಂದದ್ದು ಅದಕ್ಕೇ.

ಮೂರನೇ ಸಲ ಕಣ್ಣು ಮುಚ್ಚಿಸಿದರು. ನಾವು ನೋಡುತ್ತಿದ್ದದ್ದು 1998ರಲ್ಲಿ ವಾಲ್ಟರ್ ಮರ್ಚ್ ಹೊಸದಾಗಿ ಎಡಿಟ್ ಮಾಡಿದ ಪ್ರತಿ. 1958ರ ಪ್ರತಿಯಲ್ಲಿ ಸ್ಟುಡಿಯೋದವರು ಈ ಶಾಟ್ ಮೇಲೆ ಟೈಟಲ್ ಹಾಕಿ, ಹೆನ್ರಿ ಮ್ಯಾನ್ಸಿನಿಯ ಸಂಗೀತ ಓಡಿಸಿದ್ದರು. ವೆಲ್ಸ್ ತನಗೆ ಬೇಕಾದದ್ದನ್ನೆಲ್ಲ 58 ಪುಟ ಬರೆದು ಕೊಟ್ಟಿದ್ದ. ಅದರ ಪ್ರಕಾರ ಮರ್ಚ್ ಟೈಟಲ್ ತೆಗೆದು, ಬಾರುಗಳ ಹಾಡು, ಕಾರಿನ ರೇಡಿಯೋ, ಬೀದಿಯ ಗದ್ದಲ ಇಟ್ಟರು. ಕಣ್ಣು ಮುಚ್ಚಿದರೆ ಕಾರು ಹತ್ತಿರ ಬಂದದ್ದು, ದೂರ ಹೋದದ್ದು ರೇಡಿಯೋದಲ್ಲೇ ಗೊತ್ತಾಗುತ್ತಿತ್ತು. ಮ್ಯಾನ್ಸಿನಿಯ ಸಂಗೀತ ಕೇಳಲು ಚೆನ್ನಾಗಿಯೇ ಇದೆ. ಆದರೆ ಅದು ಉದ್ದಕ್ಕೂ ಒಂದೇ ಸಮ ಬಡಿಯುತ್ತದೆ, ಕಾರು ಎಲ್ಲಿದೆ ಅಂತ ಹೇಳುವುದಿಲ್ಲ.

ಮುಂದಿನ ವಾರ ಯುದ್ಧದ ಸರದಿ. ಅಲ್ಫಾನ್ಸೊ ಕ್ವಾರೋನ್‌ನ 2006ರ 'ಚಿಲ್ಡ್ರನ್ ಆಫ್ ಮೆನ್'. ಗುಂಡಿನ ಮಳೆಯ ನಡುವೆ ಓಡುವವನ ಬೆನ್ನಿಗೇ ಕ್ಯಾಮೆರಾ, ಇಲ್ಲೂ ಕಟ್ ಕಾಣುವುದಿಲ್ಲ. ಇಲ್ಲಿ ನಮಗೆ ಮೊದಲೇ ಏನೂ ಗೊತ್ತಿಲ್ಲ. ಎಲ್ಲಿಂದ ಬೇಕಾದರೂ ಗುಂಡು ಬರಬಹುದು, ಹಾಗಾಗಿ ಕಣ್ಣು ಪರದೆಯ ಮೂಲೆ ಮೂಲೆ ತಡಕುತ್ತದೆ. ನಡುವೆ ರಕ್ತದ ಹನಿ ಲೆನ್ಸಿಗೇ ಸಿಡಿಯುತ್ತದೆ. ಕ್ವಾರೋನ್ 'ಕಟ್' ಅಂತ ಕೂಗಿದರೂ ಸ್ಫೋಟದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವಂತೆ. ಗೆಳೆಯರಿಗೆ ಆ ಹನಿಗಳು ತುಂಬಾ ಇಷ್ಟವಾದವು. ನನಗೆ ಮಾತ್ರ, ಅಯ್ಯೋ, ಇಲ್ಲೊಂದು ಗಾಜು ಇದೆಯಲ್ಲಾ ಅನ್ನಿಸಿಬಿಟ್ಟಿತು. ಅದೇ ಈ ವಿದ್ಯೆಯ ತೊಂದರೆ. ಮುಂದೆ 2019ರಲ್ಲಿ ಇಡೀ ಚಿತ್ರವೇ ಒಂದೇ ಶಾಟ್ ಅನ್ನುವ ಹಾಗೆ ಜೋಡಿಸಿದ '1917' ನೋಡುವಾಗಲೂ ಕೆಲವೆಡೆ ಸೈನಿಕನ ಪಾಡು ಬಿಟ್ಟು ಹೊಲಿಗೆ ಎಲ್ಲಿದೆ ಅಂತ ಹುಡುಕುತ್ತಾ ಕೂತಿದ್ದೆ.

ಹುರುಪಿನಲ್ಲಿ ನಾವೂ ಒಂದು ತೆಗೆದೆವು. ಕದ್ದ ಪ್ರಶ್ನೆಪತ್ರಿಕೆ ಚೀಲದಲ್ಲಿಟ್ಟುಕೊಂಡು ಒಬ್ಬ ಕಾರಿಡಾರ್ ದಾಟಬೇಕು. ನಾಲ್ಕು ನಿಮಿಷ, ಒಂದೇ ಶಾಟ್. ಹಾಕಿ ತೋರಿಸಿದಾಗ ಎಲ್ಲರೂ ಆಕಳಿಸಿದರು. "ಚೀಲದಲ್ಲಿ ಏನಿದೆ ಅಂತ ನಿಮಗೆ ಗೊತ್ತು ಕಣ್ರೋ, ನಮಗೆ ಎಲ್ಲಿ ತೋರಿಸಿದ್ರಿ?" ಅಂದರು ಮೇಷ್ಟ್ರು. ನಿಜ, ಬಾಂಬು ಇಡುವುದನ್ನೇ ಮರೆತಿದ್ದೆವು.

ಎರಡನೇ ಸಲ ಪತ್ರಿಕೆ ಚೀಲಕ್ಕೆ ಹೋಗುವುದರಿಂದಲೇ ಶುರು ಮಾಡಿದೆವು. ಅರ್ಧ ದಾರಿಯಲ್ಲಿ ಅಟೆಂಡರ್ ಬೆಲ್ ಹೊಡೆದುಬಿಟ್ಟ. ತರಗತಿಗಳೆಲ್ಲ ಕಾರಿಡಾರಿಗೆ ನುಗ್ಗಿದವು, ನಮ್ಮ ಹುಡುಗ ಗುಂಪಿನಲ್ಲಿ ಮುಳುಗಿಹೋದ. ಕ್ಯಾಮೆರಾ ಹಿಡಿದವನು ನಿಲ್ಲಿಸದೆ ತಳ್ಳಾಡಿಕೊಂಡೇ ನಡೆದ. ಶನಿವಾರ ಅದನ್ನು ಹಾಕಿದಾಗ ಯಾರೂ ಆಕಳಿಸಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಮೇಷ್ಟ್ರು ಎದ್ದು ನಿಂತು, ಪಂಚೆಯ ಕಡೆ ಬಗ್ಗಿ, "ಚೀಲ ಎಲ್ಲೋ, ಚೀಲ?" ಅನ್ನುತ್ತಿದ್ದರು.