ಒದ್ದೆ ಮಣ್ಣಿನಲ್ಲೂ ಬಾಡಿದ ಗಿಡ

ಗೆಳತಿಯೊಬ್ಬರು ತಮ್ಮ ಪೀಸ್ ಲಿಲಿಯ ಕುಂಡವನ್ನು ನನ್ನ ಬಳಿಗೆ ತಂದು, ನೀರು ಹಾಕಿದಷ್ಟೂ ಗಿಡ ಬಾಡುತ್ತಿದೆ ಎಂದರು. ಎಲೆಗಳ ತುದಿಯೂ ಅಂಚೂ ಕಂದಾಗಿ ಗರಿಗರಿಯಾಗಿದ್ದವು, ಆದರೆ ಬೆರಳಿಟ್ಟು ನೋಡಿದರೆ ಮಣ್ಣು ಒದ್ದೆಯಾಗಿತ್ತು. ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿತ್ತು. ಗಡಸು ನೀರಿನ ಸುಣ್ಣದಿಂದಲೂ ಇಂಥ ಪೊರೆ ಕಟ್ಟುವುದರಿಂದ ಅದೊಂದನ್ನೇ ನಂಬಲಾಗದು. ಆದರೆ ಪ್ರತಿ ವಾರ ದ್ರವಗೊಬ್ಬರ ಹಾಕುತ್ತಿದ್ದೆನೆಂದು ಅವರು ಹೇಳಿದ ಮೇಲೆ ನನ್ನ ಅನುಮಾನ ಗಟ್ಟಿಯಾಯಿತು. ಗೊಬ್ಬರದ ಲವಣಗಳು ಮಣ್ಣಿನಲ್ಲಿ ಹೆಚ್ಚಾದಾಗ ನೀರನ್ನು ಅವೇ ಹಿಡಿದಿಟ್ಟುಕೊಳ್ಳುತ್ತವೆ. ಬೇರುಗಳು ನೀರಿನ ನಡುವೆಯೇ ಇದ್ದರೂ ಅದನ್ನು ಹೀರಲಾರವು.

ಮೊದಲು ಗಿಡವನ್ನು ಮೆಲ್ಲಗೆ ಕುಂಡದಿಂದ ಜಾರಿಸಿ ಬೇರು ನೋಡಿದೆ. ಬೇರು ಮೆತ್ತಗಾಗಿ ಕೊಳೆತಿದ್ದರೆ ಲವಣ ತೊಳೆಯಲು ನೀರು ಹರಿಸುವುದು ಅಪಾಯ, ಆಗ ಹೊಸ ಮಣ್ಣಿಗೆ ಬದಲಾಯಿಸುವುದೇ ಸರಿ. ಇಲ್ಲಿ ತುದಿಗಳಷ್ಟೇ ಕಂದಾಗಿದ್ದು, ಉಳಿದ ಬೇರು ಬಿಳಿಯಾಗಿ ಗಟ್ಟಿಯಾಗಿತ್ತು. ಗಿಡವನ್ನು ಮತ್ತೆ ಕುಂಡದಲ್ಲಿ ಕೂರಿಸಿ, ಮೇಲಿನ ಪೊರೆಯನ್ನು ಸುಮಾರು ಅರ್ಧ ಸೆಂಟಿಮೀಟರ್ ಮಣ್ಣಿನೊಂದಿಗೆ ಕೆರೆದು ತೆಗೆದೆ. ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆಗಳಿದ್ದಿದ್ದರೆ ಅವನ್ನೂ ಆಗಲೇ ಆರಿಸಬೇಕಿತ್ತು, ಇಲ್ಲವಾದರೆ ತೊಳೆದ ಮೇಲೂ ಅವು ಲವಣ ಬಿಡುತ್ತಲೇ ಇರುತ್ತವೆ.

ಕುಂಡ 3 ಲೀಟರಿನದು. ಅದರ ಎರಡರಷ್ಟು, ಅಂದರೆ 6 ಲೀಟರ್ ತಿಳಿನೀರನ್ನು ಸಿದ್ಧಮಾಡಿಕೊಂಡೆ. ಸಾಕಷ್ಟು ನೀರಿದ್ದರಷ್ಟೇ ಸಾಲದು, ಅದನ್ನು ಹಾಕುವ ನಿಧಾನವೂ ಮುಖ್ಯ. ಮೊದಲ ಲೀಟರನ್ನು ಹಾಕಿ ಲವಣ ಕರಗಲೆಂದು ಅರ್ಧ ಗಂಟೆ ಬಿಟ್ಟೆ, ಬಳಿಕ ಉಳಿದದ್ದನ್ನು ಸಣ್ಣ ಧಾರೆಯಾಗಿ ಇಡೀ ಮೇಲ್ಮೈಗೆ ಹರಡಿ ಸುರಿದೆ. ಆದರೂ ಸುರಿದೊಡನೆಯೇ ನೀರು ತಳದಿಂದ ಹೊರಬೀಳತೊಡಗಿತು. ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡಿದ್ದರಿಂದ ನೀರು ಆ ಸಂದಿಯಲ್ಲೇ ಇಳಿಯುತ್ತಿತ್ತು. ಹಾಗೆ ಹೋದ ನೀರು ಏನನ್ನೂ ತೊಳೆಯುವುದಿಲ್ಲವಾದ್ದರಿಂದ ಸುತ್ತಲಿನ ಮಣ್ಣನ್ನು ಒತ್ತಿ ಸಂದಿ ಮುಚ್ಚಿ, ಅಷ್ಟು ನೀರನ್ನು ಹೊಸದಾಗಿ ಲೆಕ್ಕಕ್ಕೆ ಸೇರಿಸಿಕೊಂಡೆ.

ಹೊರಬಂದ ನೀರನ್ನು, ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರಿನಿಂದ ಅಳೆದೆವು. ಹಾಕಿದ ನೀರು 150 ಪಿಪಿಎಂ ಇದ್ದರೆ, ಮೊದಲು ಸೋರಿದ್ದು 2000 ದಾಟಿತ್ತು, ಕೊನೆಗೆ 500ರ ಆಸುಪಾಸಿಗೆ ಇಳಿಯಿತು. ಮೀಟರು ಇಲ್ಲದವರು ಸೋರುವ ನೀರಿನ ಬಣ್ಣ ತಿಳಿಯಾಯಿತೆಂದು ನಿಲ್ಲಿಸಬಾರದು, ಏಕೆಂದರೆ ಕರಗಿದ ಲವಣ ಕಣ್ಣಿಗೆ ಕಾಣದು. ಎರಡರಷ್ಟು ನೀರಿನ ಅಳತೆಯನ್ನೇ ಪಾಲಿಸುವುದು ಕ್ಷೇಮ. ಸೋರಿದ ನೀರನ್ನು ತಟ್ಟೆಯಲ್ಲಿ ಉಳಿಯಗೊಡಬಾರದು. ಮಣ್ಣು ಅದನ್ನು ಲವಣಸಮೇತ ಮತ್ತೆ ಮೇಲಕ್ಕೆಳೆದುಕೊಳ್ಳುತ್ತದೆ.

ಮೇಲ್ಮಣ್ಣು ಒಣಗುವವರೆಗೆ ನೀರು ಬೇಡವೆಂದೂ, ಗಿಡ ನೇರ ಬಿಸಿಲಿಲ್ಲದ ಬೆಳಕಿನಲ್ಲಿರಲೆಂದೂ ಗೆಳತಿಗೆ ಹೇಳಿದೆ. ಸುಟ್ಟ ತುದಿಗಳು ಮತ್ತೆ ಹಸಿರಾಗುವುದಿಲ್ಲ, ಗುಣವಾಯಿತೇ ಎಂಬುದನ್ನು ಹೊಸ ಎಲೆಯಲ್ಲೇ ನೋಡಬೇಕು. ಕೆಲವು ವಾರಗಳ ಬಳಿಕ ಅವರ ಗಿಡದಲ್ಲಿ ಬಂದ ಎಲೆಯ ತುದಿ ಕಂದಾಗದೆ ಪೂರ್ತಿ ಬಿಚ್ಚಿಕೊಂಡಿತು. ಅನಂತರವೇ ಅವರು ಮತ್ತೆ ಗೊಬ್ಬರ ಹಾಕಲಾರಂಭಿಸಿದರು, ಅದೂ ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಷ್ಟನ್ನು, ಮೊದಲೇ ನೀರುಣಿಸಿದ ಮಣ್ಣಿಗೆ.